ಆ ಕೆಂಪು ಚುಕ್ಕಿಯಲ್ಲಿ ಯಾರ ಮನೆಯೂ ಇಲ್ಲ

ಬೆಂಗಳೂರಿನ ದಕ್ಷಿಣ ಭಾಗದ ಹಲವು ಆಸ್ಪತ್ರೆಗಳಿಂದ ಬಂದ, ಡೆಂಗಿ ರೋಗಿಗಳ ಎರಡು ಸಾವಿರ ವಿಳಾಸಗಳು ಒಂದು ಎಕ್ಸೆಲ್ ಕಡತದಲ್ಲಿವೆ ಎಂದಿಟ್ಟುಕೊಳ್ಳಿ. ಯಾವ ಬೀದಿಯಲ್ಲಿ ಸೊಳ್ಳೆ ಮದ್ದು ಹೊಡೆಯಬೇಕು ಎಂದು ತಿಳಿಯಲು ಅವನ್ನೆಲ್ಲ ನಕ್ಷೆಯ ಮೇಲೆ ಇಡಬೇಕು. ವಿಳಾಸವನ್ನು ಅಕ್ಷಾಂಶ–ರೇಖಾಂಶವಾಗಿ ಬದಲಿಸುವ ಈ ಕೆಲಸಕ್ಕೆ ಜಿಯೋಕೋಡಿಂಗ್ ಎನ್ನುತ್ತಾರೆ. ಇದನ್ನು ಮಾಡಿಕೊಡುವ ತಂತ್ರಾಂಶಗಳು ಬೇಕಾದಷ್ಟಿವೆ. ಕಡತವನ್ನು ಒಂದಕ್ಕೆ ಕೊಟ್ಟರೆ ಸ್ವಲ್ಪ ಹೊತ್ತಿನಲ್ಲಿ 1,880 ವಿಳಾಸಗಳಿಗೆ ಉತ್ತರ ಬರುತ್ತದೆ. ನೂರಕ್ಕೆ ತೊಂಬತ್ನಾಲ್ಕು! ನಕ್ಷೆ ತೆರೆದರೆ ಬನಶಂಕರಿಯ ನಡುವೆ ಒಂದು ಕಡೆ ಕಡುಗೆಂಪು. ಅಲ್ಲಿಗೆ ಹೋಗಿ ನೋಡಿದರೆ ಸಿಗುವುದು ಒಂದು ಉದ್ಯಾನ, ಅದರ ಪಕ್ಕದಲ್ಲಿ ಟ್ರಾನ್ಸ್‌ಫಾರ್ಮರ್. ಮನೆಗಳೇ ಇಲ್ಲ.

ಈ ಲೆಕ್ಕವನ್ನು ನಾನು ವಿವರಿಸಲು ಅನುಕೂಲವಾಗಲೆಂದು ಕಟ್ಟಿಕೊಂಡಿದ್ದೇನೆ, ಆದರೆ ಆ ಕೆಂಪು ಗುಡ್ಡೆ ಕಲ್ಪನೆಯಲ್ಲ. ವಿಳಾಸಗಳನ್ನು ಸಗಟಾಗಿ ನಕ್ಷೆಗೇರಿಸುವವರಿಗೆಲ್ಲ ಅದು ಒಂದಲ್ಲ ಒಂದು ದಿನ ಎದುರಾಗುತ್ತದೆ. ಅದು ಹೇಗೆ ಹುಟ್ಟುತ್ತದೆಂದು ತಿಳಿಯಲು ಒಂದೇ ಒಂದು ಸಾಲಿನ ಹಿಂದೆ ಹೋಗೋಣ.

```
#27/1, 8th X, 12th Main, Nr Ganesha Temple, BSK 2nd Stg, B'lore-70
```

ಬೆಂಗಳೂರಿನವರು ಇದನ್ನು ಸಲೀಸಾಗಿ ಓದುತ್ತಾರೆ. ‘X’ ಎಂದರೆ ಕ್ರಾಸ್, ‘BSK’ ಎಂದರೆ ಬನಶಂಕರಿ. ಕೊನೆಯ 70 ಪಿನ್‌ಕೋಡಿನ ಬಾಲ, ಪೂರ್ತಿ ಬರೆದರೆ 560070. ಆರಂಕಿಯ ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಅದಾಗಿ ಅರ್ಧ ಶತಮಾನ ಕಳೆದರೂ ಕೊನೆಯ ಎರಡಂಕಿ ಮಾತ್ರ ಬರೆಯುವ ರೂಢಿ ಹೋಗಿಲ್ಲ. ಯಂತ್ರಕ್ಕೆ ಇದ್ಯಾವುದೂ ಗೊತ್ತಿರುವುದಿಲ್ಲ. ಹಾಗಾಗಿ ಮೊದಲ ಕೆಲಸ ಸಾಲನ್ನು ಬಿಡಿಸಿ ಮನೆ ಸಂಖ್ಯೆ, ಕ್ರಾಸ್, ಮೇನ್, ಗುರುತು, ಬಡಾವಣೆ, ಪಿನ್‌ಕೋಡ್ ಎಂದು ಬೇರೆ ಬೇರೆ ಕಂಬಸಾಲುಗಳಿಗೆ ಹಾಕುವುದು. ಮೂಲ ಸಾಲನ್ನು ಮಾತ್ರ ಮುಟ್ಟದೆ ಪಕ್ಕದಲ್ಲೇ ಇಟ್ಟುಕೊಳ್ಳಬೇಕು, ಏಕೆಂದರೆ ಶುಚಿ ಮಾಡುವಾಗಲೇ ಅನೇಕ ತಪ್ಪುಗಳು ಒಳಗೆ ನುಸುಳುತ್ತವೆ.

ಕಾಗುಣಿತದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಮಲ್ಲೇಶ್ವರ ಎಂಬ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ನಾಲ್ಕೈದು ಬಗೆಯಲ್ಲಿ ಬರೆಯುತ್ತಾರೆ. ಇಂಥವನ್ನು ಒಂದುಗೂಡಿಸಲು ತಂತ್ರಾಂಶಗಳು ಎರಡು ಪದಗಳ ನಡುವೆ ಎಷ್ಟು ಅಕ್ಷರ ಬದಲಾಗಿದೆ ಎಂದು ಎಣಿಸುತ್ತವೆ. ಒಂದೆರಡು ಅಕ್ಷರವಷ್ಟೇ ಬೇರೆಯಾದರೆ ಎರಡೂ ಒಂದೇ ಎಂದು ತೀರ್ಮಾನಿಸುತ್ತವೆ. ಹೆಸರುಗಳಿಗೆ ಇದು ಸರಿ. ಅದೇ ಅಳತೆಯನ್ನು ಸಂಖ್ಯೆಗಳಿಗೆ ಹಚ್ಚಿದರೆ ‘8th Cross’ ಮತ್ತು ‘9th Cross’ ನಡುವೆ ಇರುವುದೂ ಒಂದೇ ಅಕ್ಷರದ ಅಂತರ! ಹೆಸರಿನಲ್ಲಿ ಸಡಿಲ ಬಿಡಬಹುದು, ಅಂಕಿಯಲ್ಲಿ ಕೂದಲೆಳೆಯಷ್ಟೂ ಬಿಡಬಾರದು.

ಇನ್ನು ಹುಡುಕಾಟ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯನ್ನು ಆಧರಿಸಿದ ನಾಮಿನೇಟಿಮ್ ಎಂಬ ತಂತ್ರಾಂಶಕ್ಕೆ ನಮ್ಮ ಸಾಲನ್ನು ಇಡಿಯಾಗಿ ಕೊಟ್ಟರೆ ಬಹುಮಟ್ಟಿಗೆ ಬರಿಗೈಯಲ್ಲಿ ವಾಪಸಾಗುತ್ತದೆ, ಏಕೆಂದರೆ ‘ಗಣೇಶ ದೇವಸ್ಥಾನದ ಹತ್ತಿರ’ ಎಂಬುದು ಅದರ ಲೆಕ್ಕದಲ್ಲಿ ವಿಳಾಸವೇ ಅಲ್ಲ. ಆದ್ದರಿಂದ ಕೆಲಸ ಮಾಡುವವರು ಒಂದೊಂದೇ ತುಣುಕು ಬಿಡುತ್ತಾ ಹೋಗುತ್ತಾರೆ. ಮೊದಲು ಗುರುತನ್ನು ಬಿಟ್ಟು ಮನೆ ಸಂಖ್ಯೆ ಸಮೇತ ಕೇಳುವುದು. ಸಿಗದಿದ್ದರೆ ಮನೆ ಸಂಖ್ಯೆಯನ್ನೂ ಬಿಟ್ಟು ರಸ್ತೆ ಕೇಳುವುದು. ಅದೂ ಸಿಗದಿದ್ದರೆ ಬಡಾವಣೆ, ಕೊನೆಗೆ ಬರೀ ಪಿನ್‌ಕೋಡ್. ಹೆಚ್ಚಿನ ಸಲ ಎಲ್ಲಾದರೊಂದು ಕಡೆ ಉತ್ತರ ಬರುತ್ತದೆ. ಗೂಗಲ್‌ನಂಥ ವಾಣಿಜ್ಯ ಸೇವೆಗಳು ಹೀಗೆ ಕೆಳಗಿಳಿಯುವುದನ್ನು ನಮಗೆ ಕಾಣದಂತೆ ತಾವೇ ಮಾಡಿಬಿಡುತ್ತವೆ.

ಕೆಂಪು ಗುಡ್ಡೆಯ ಮೂಲ ಇಲ್ಲಿದೆ. ಪಿನ್‌ಕೋಡ್ ಮಾತ್ರ ಹೊಂದಿದ ವಿಳಾಸಗಳಿಗೆಲ್ಲ ಯಂತ್ರ ಆ ಪ್ರದೇಶದ ನಡುಬಿಂದುವನ್ನು ಕೊಡುತ್ತದೆ. ನೂರು ಮನೆಗಳಿದ್ದರೂ ನೂರಕ್ಕೂ ಒಂದೇ ಬಿಂದು. ಪ್ರದೇಶದ ವಿಸ್ತಾರ ನಾಲ್ಕು ಚದರ ಕಿಲೋಮೀಟರ್ ಎಂದುಕೊಂಡರೂ ನಿಜವಾದ ಮನೆ ಆ ಬಿಂದುವಿನಿಂದ ಒಂದು ಕಿಲೋಮೀಟರಿಗಿಂತ ದೂರ ಇರಬಹುದು. ಹಾಗಿದ್ದೂ ಉತ್ತರದಲ್ಲಿ ದಶಮಾಂಶದ ನಂತರ ಆರೇಳು ಅಂಕಿಗಳಿರುತ್ತವೆ. ಅಕ್ಷಾಂಶದ ಐದನೇ ದಶಮಾಂಶ ಸ್ಥಾನ ನೆಲದ ಮೇಲೆ ಸುಮಾರು 1.1 ಮೀಟರ್‌ಗೆ ಸಮ. ನೋಡಿದವರಿಗೆ ಬಾಗಿಲಿನ ಹೊಸ್ತಿಲನ್ನೇ ಅಳೆದಂತೆ ಕಾಣುತ್ತದೆ, ಅಳೆದಿರುವುದು ಮಾತ್ರ ಯಾರೂ ವಾಸಿಸದ ಒಂದು ಸರಾಸರಿ.

ಈ ಗುಡ್ಡೆಗಳನ್ನು ಹಿಡಿಯುವುದು ಸುಲಭ. ಒಂದೇ ಬಿಂದುವಿಗೆ ಎಷ್ಟು ಸಾಲುಗಳು ಬಿದ್ದಿವೆ ಎಂದು ಎಣಿಸಿದರೆ ಸಾಕು.

```sql
SELECT ROUND(lat,5) AS y, ROUND(lon,5) AS x, COUNT(*) AS n
FROM result
GROUP BY y, x
HAVING COUNT(*) > 5
ORDER BY n DESC;
```

ಪಟ್ಟಿಯ ತುದಿಯಲ್ಲಿ ದೊಡ್ಡ ಅಪಾರ್ಟ್‌ಮೆಂಟುಗಳೂ ಬರುತ್ತವೆ, ಅವು ನಿಜವಾದ ಗುಂಪುಗಳು. ಮೂಲ ಸಾಲುಗಳನ್ನು ಓದಿದ ತಕ್ಷಣ ವ್ಯತ್ಯಾಸ ಗೊತ್ತಾಗುತ್ತದೆ. ಎಲ್ಲದರಲ್ಲೂ ಒಂದೇ ಕಟ್ಟಡದ ಹೆಸರಿದ್ದರೆ ಅಪಾರ್ಟ್‌ಮೆಂಟ್. ಕ್ರಾಸು, ಮೇನುಗಳು ಬೇರೆ ಬೇರೆ ಇದ್ದೂ ಬಿಂದು ಒಂದೇ ಆಗಿದ್ದರೆ ಅದು ನಡುಬಿಂದು.

ಯಂತ್ರ ತಾನು ಯಾವ ಮಟ್ಟದಲ್ಲಿ ನಿಂತೆ ಎಂಬುದನ್ನು ಮುಚ್ಚಿಡುವುದಿಲ್ಲ, ಆದರೆ ನಾವು ಆ ಕಂಬಸಾಲನ್ನು ಉಳಿಸಿಕೊಳ್ಳುವುದಿಲ್ಲ. ಗೂಗಲ್‌ನ ಉತ್ತರದಲ್ಲಿ `location_type` ಎಂಬುದಿರುತ್ತದೆ. ಅಲ್ಲಿ `ROOFTOP` ಎಂದಿದ್ದರೆ ಕಟ್ಟಡವೇ ಸಿಕ್ಕಿದೆ, `APPROXIMATE` ಎಂದಿದ್ದರೆ ಅಂದಾಜು. `partial_match` ಎಂಬುದೂ ಇದ್ದರೆ ನೀವು ಕೊಟ್ಟದ್ದು ಪೂರ್ತಿ ಹೊಂದಿಲ್ಲ ಎಂದರ್ಥ. ನಾಮಿನೇಟಿಮ್‌ನಲ್ಲಿ ಇದೇ ಕೆಲಸಕ್ಕೆ `place_rank` ಇದೆ. 30 ಎಂದರೆ ಮನೆ, ಅಂಗಡಿ, ಗುಡಿಯ ಮಟ್ಟ, 26 ಎಂದರೆ ರಸ್ತೆ, 16ರ ಆಸುಪಾಸು ಎಂದರೆ ಇಡೀ ಊರು. ಅದರ ಪಕ್ಕದಲ್ಲೇ `importance` ಎಂಬ ಇನ್ನೊಂದು ಸಂಖ್ಯೆ ಇರುತ್ತದೆ. ಅದನ್ನು ಹೊಂದಾಣಿಕೆಯ ಅಂಕವೆಂದು ತಿಳಿದು ಮೋಸಹೋಗುವವರು ಬಹಳ. ವಾಸ್ತವವಾಗಿ ಅದು ಆ ಸ್ಥಳ ಎಷ್ಟು ಪ್ರಸಿದ್ಧ ಎಂಬುದರ ಅಳತೆ. ಊರ ಹೆಸರಿಲ್ಲದೆ ಬರೀ ಗಾಂಧಿನಗರ ಎಂದು ಕೇಳಿದರೆ ಮೆಜೆಸ್ಟಿಕ್ ಪಕ್ಕದ ಗಾಂಧಿನಗರವನ್ನು ದಾಟಿ ಯಂತ್ರ ಗುಜರಾತಿನ ರಾಜಧಾನಿಗೆ ಹಾರುವುದು ಈ ಪ್ರಸಿದ್ಧಿಯ ಬಲದಿಂದಲೇ.

ಮಟ್ಟ ಮೇಲಿದ್ದ ಮಾತ್ರಕ್ಕೆ ಉತ್ತರ ಸರಿಯೆಂದೂ ಅಲ್ಲ. ನಮ್ಮ ಸಾಲಿನ ‘ಗಣೇಶ ದೇವಸ್ಥಾನ’ವನ್ನೇ ಹಿಡಿದು ಹುಡುಕಿದರೆ 30ನೇ ಮಟ್ಟದ ಉತ್ತರ ಖಂಡಿತ ಬರುತ್ತದೆ, ಬೇರೆ ಯಾವುದೋ ಬಡಾವಣೆಯ ಗಣೇಶ!

ಅಮೆರಿಕದಲ್ಲಿ ಈ ತೊಡಕು ಕಡಿಮೆ. ಅಲ್ಲಿನ ಜನಗಣತಿ ಇಲಾಖೆಯ ರಸ್ತೆ ನಕ್ಷೆಯಲ್ಲಿ ಪ್ರತಿ ರಸ್ತೆ ತುಂಡಿಗೂ ಎಡಕ್ಕೆ ಯಾವ ಸಂಖ್ಯೆಯಿಂದ ಯಾವ ಸಂಖ್ಯೆವರೆಗೆ, ಬಲಕ್ಕೆ ಎಲ್ಲಿಂದ ಎಲ್ಲಿಯವರೆಗೆ ಎಂದು ಬರೆದಿರುತ್ತದೆ. 101ರಿಂದ 199ರವರೆಗಿನ ಸಾಲಿನಲ್ಲಿ 151 ಎಲ್ಲಿದೆ ಎಂದರೆ ಹೆಚ್ಚುಕಡಿಮೆ ನಡುವೆ. ನಮ್ಮ 27/1 ಹಾಗಲ್ಲ. ಅದು ಬಡಾವಣೆಯ ನಕ್ಷೆ ಬರೆದಾಗ ಕೊಟ್ಟ ಸೈಟ್ ಸಂಖ್ಯೆ ಇರಬಹುದು, ಮುಂದೆ ಸೈಟನ್ನು ಅಣ್ಣತಮ್ಮಂದಿರು ಹಂಚಿಕೊಂಡಾಗ 27/1 ಆಗಿರಬಹುದು. ಬಾಗಿಲಿನ ಮೇಲೆ ಹಳೇ ನಂಬರು, ಹೊಸ ನಂಬರು ಎರಡೂ ಇರುವ ಮನೆಗಳೂ ಇವೆ. ರಸ್ತೆಯುದ್ದಕ್ಕೂ ಸಂಖ್ಯೆ ಕ್ರಮವಾಗಿ ಏರುತ್ತದೆಂಬ ನಂಬಿಕೆಯ ಮೇಲೆ ನಿಂತ ಲೆಕ್ಕ ಇಲ್ಲಿ ಕೈಕೊಡುತ್ತದೆ. ಆದ್ದರಿಂದ ನನ್ನ ಮಟ್ಟಿಗೆ ಬೆಂಗಳೂರಿನಲ್ಲಿ ರಸ್ತೆ ಸರಿಯಾಗಿ ಸಿಕ್ಕರೆ ಅದೇ ಒಳ್ಳೆಯ ಫಲ. ಮನೆಯೇ ಸಿಕ್ಕಿತೆಂದು ಯಂತ್ರ ಹೇಳಿದಾಗ ಮಾತ್ರ ನಾನು ಎರಡು ಸಲ ನೋಡುತ್ತೇನೆ.

ನಮ್ಮ ಎರಡು ಸಾವಿರಕ್ಕೆ ಮರಳೋಣ. ಸಿಕ್ಕ 1,880ರಲ್ಲಿ ಮನೆ ಮಟ್ಟದ್ದು 310, ರಸ್ತೆಯದ್ದು 620, ಬಡಾವಣೆ ಅಥವಾ ಪಿನ್‌ಕೋಡಿನದ್ದು 950 ಎಂದಿರಲಿ. ತೊಂಬತ್ನಾಲ್ಕು ಶೇಕಡಾ ಎಂಬ ಹೆಮ್ಮೆಯ ಅರ್ಧಕ್ಕೂ ಹೆಚ್ಚು ಪಾಲು ನಡುಬಿಂದುಗಳೇ. ಇವುಗಳಲ್ಲಿ ಎಷ್ಟು ನಿಜ ಎಂದು ತಿಳಿಯಲು ಪ್ರತಿ ಮಟ್ಟದಿಂದ 50 ಸಾಲುಗಳನ್ನು ಚೀಟಿ ಎತ್ತಿದಂತೆ ಆರಿಸಿ ಕೈಯಾರೆ ಪರೀಕ್ಷಿಸಬೇಕು. ಉಪಗ್ರಹ ಚಿತ್ರ, ರೋಗಿಗೊಂದು ಫೋನ್ ಕರೆ ಎಲ್ಲ ಆಗುತ್ತದೆ, ಆದರೆ ಆ ಬೀಟಿನ ಅಂಚೆಯಣ್ಣನಿಗಿಂತ ಬಲ್ಲವರು ಸಿಗುವುದಿಲ್ಲ. ಮನೆ ಮಟ್ಟದ 50ರಲ್ಲಿ 46, ರಸ್ತೆಯ 50ರಲ್ಲಿ 38, ಬಡಾವಣೆಯ 50ರಲ್ಲಿ 47 ಸರಿ ಬಂದವು ಎಂದುಕೊಳ್ಳಿ. ರಸ್ತೆ ಮಟ್ಟದಲ್ಲಿ ನೂರಕ್ಕೆ 24 ತಪ್ಪು, ಅಂದರೆ 620ರಲ್ಲಿ ಸುಮಾರು 150 ರೋಗಿಗಳು ಬೇರೆ ರಸ್ತೆಯಲ್ಲಿದ್ದಾರೆ. ಒರಟು ಉತ್ತರವಾದ ಬಡಾವಣೆ ತಪ್ಪಿದ್ದು ಕಡಿಮೆ. ಉತ್ತರ ಎಷ್ಟು ಸೂಕ್ಷ್ಮ ಎಂಬುದೂ ಎಷ್ಟು ಸರಿ ಎಂಬುದೂ ಬೇರೆ ಬೇರೆ ಪ್ರಶ್ನೆಗಳು. ಐವತ್ತರ ಮಾದರಿ ಚಿಕ್ಕದೆಂಬುದನ್ನೂ ನೆನಪಿಡಬೇಕು. 46 ಸರಿ ಎಂದಾಗ ನಿಜವಾದ ಪ್ರಮಾಣ ನೂರಕ್ಕೆ 81ರಿಂದ 97ರ ನಡುವೆ ಎಲ್ಲಿಯಾದರೂ ಇರಬಹುದು.

ರಸ್ತೆಗಳು ಏಕೆ ಇಷ್ಟು ತಪ್ಪಿದವು? 8ನೇ ಕ್ರಾಸ್ ಎಂಬುದು ಪ್ರತಿ ಬಡಾವಣೆಯಲ್ಲೂ ಇದೆ. ಬನಶಂಕರಿ 2ನೇ ಹಂತದ ಬದಲು 3ನೇ ಹಂತದ 8ನೇ ಕ್ರಾಸ್ ಸಿಕ್ಕರೂ ಯಂತ್ರಕ್ಕೆ ತೃಪ್ತಿ. ಇದಕ್ಕೆ ಮದ್ದು ಪಿನ್‌ಕೋಡೇ. 2ನೇ ಹಂತದ್ದು 560070, 3ನೇ ಹಂತದ್ದು 560085. ಸಿಕ್ಕ ಬಿಂದು ರೋಗಿ ಬರೆದ ಪಿನ್‌ಕೋಡಿನ ಗಡಿಯೊಳಗೆ ಬೀಳುತ್ತದೆಯೇ ಎಂದು ನೋಡಿ, ಹೊರಗೆ ಬಿದ್ದದ್ದನ್ನು ಪಕ್ಕಕ್ಕೆ ತೆಗೆಯಬೇಕು. ಹುಡುಕುವಾಗಲೇ ಪಿನ್‌ಕೋಡ್ ಬಳಸಿದ್ದರೆ ಈ ಪರೀಕ್ಷೆಗೆ ಬೆಲೆ ಕಡಿಮೆ, ಅಭ್ಯರ್ಥಿಯ ಕೈಗೆ ಉತ್ತರ ಕೊಟ್ಟು ಪರೀಕ್ಷೆ ನಡೆಸಿದಂತಾಗುತ್ತದೆ. ಎರಡು ಬೇರೆ ಸೇವೆಗಳನ್ನು ಕೇಳಿ ಉತ್ತರಗಳ ನಡುವಿನ ದೂರ ಅಳೆಯುವುದೂ ಒಳ್ಳೆಯದು. ಆದರೆ ಎರಡೂ ಪಿನ್‌ಕೋಡಿಗೆ ಜಾರಿ ಒಂದೇ ನಡುಬಿಂದು ಕೊಟ್ಟರೆ ಅದನ್ನು ಒಮ್ಮತವೆಂದು ತಿಳಿಯಬಾರದು.

ಇಲ್ಲೊಂದು ಮಾತು ಸೇರಿಸಬೇಕು. ರೋಗಿಗಳ ವಿಳಾಸವನ್ನು ಹೊರಗಿನ ಸೇವೆಗೆ ಕಳಿಸುವುದೆಂದರೆ ಯಾರಿಗೆ ಕಾಯಿಲೆ ಎಂದು ಮೂರನೆಯವರಿಗೆ ಹೇಳಿದಂತೆ. ಅಲ್ಲದೆ ನಾಮಿನೇಟಿಮ್‌ನ ಸಾರ್ವಜನಿಕ ಸೇವೆ ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಪ್ರಶ್ನೆ ಕೇಳಬೇಡಿ ಎನ್ನುತ್ತದೆ, ಎರಡು ಲಕ್ಷ ವಿಳಾಸಗಳಿಗೆ ಎರಡು ದಿನ ದಾಟುತ್ತದೆ. ತಂತ್ರಾಂಶವನ್ನು ನಮ್ಮದೇ ಕಂಪ್ಯೂಟರಿನಲ್ಲಿ ಹಾಕಿಕೊಂಡರೆ ಎರಡೂ ತೊಂದರೆ ನೀಗುತ್ತವೆ.

ಈಗ ಚಿತ್ರಿಸುವ ಹೊತ್ತು. ಪರೀಕ್ಷೆ ದಾಟಿದ ಮನೆ ಮತ್ತು ರಸ್ತೆ ಮಟ್ಟದವನ್ನು ಚುಕ್ಕಿಗಳಾಗಿ ಇಡಬಹುದು. ಆ 950ನ್ನು ಚುಕ್ಕಿಯಾಗಿ ಇಡಲೇಬಾರದು. ಪಿನ್‌ಕೋಡ್ ಪ್ರದೇಶಕ್ಕೆ ಇಂತಿಷ್ಟು ಎಂದು ಇಡೀ ಪ್ರದೇಶಕ್ಕೆ ಬಣ್ಣ ತುಂಬಬೇಕು. ವಾರ್ಡುವಾರು ಲೆಕ್ಕ ಬೇಕೆಂದು ಮೇಲಿನವರು ಒತ್ತಾಯಿಸುತ್ತಾರೆ, ಆದರೆ ಒಂದು ಕಿಲೋಮೀಟರ್ ಅನುಮಾನದ ವೃತ್ತದೊಳಗೆ ಎರಡು ಮೂರು ವಾರ್ಡುಗಳೇ ಬರುವಾಗ ಆ ಲೆಕ್ಕ ಹುಸಿ.

ಸಿಗದೇ ಹೋದ 120 ಸಾಲುಗಳನ್ನು ಅಳಿಸಿ ಮುಂದುವರಿಯುವುದು ಎಲ್ಲರ ರೂಢಿ. ಅಪರಾಧ ನಕ್ಷೆಗಳ ಬಗ್ಗೆ 2004ರಲ್ಲಿ ಜೆರ್ರಿ ರಾಟ್‌ಕ್ಲಿಫ್ ಮಾಡಿದ ಅಧ್ಯಯನ ಕನಿಷ್ಠ 85 ಶೇಕಡಾ ವಿಳಾಸಗಳಾದರೂ ಸಿಗಬೇಕು ಎಂದು ಅಂದಾಜಿಸಿತು, ಆ ಅಂಕಿಯನ್ನು ದಾಟಿದ ಮೇಲೆ ಉಳಿದದ್ದನ್ನು ಯಾರೂ ಕೇಳುವುದಿಲ್ಲ. ಆದರೆ ಬಿಟ್ಟುಹೋಗುವುದು ಎಲ್ಲ ಕಡೆ ಸಮವಾಗಿ ಅಲ್ಲ. ಜಯನಗರದಂತೆ ನಕ್ಷೆ ಬರೆದು ಕಟ್ಟಿದ ಬಡಾವಣೆಯ ವಿಳಾಸ ಸಲೀಸಾಗಿ ಸಿಗುತ್ತದೆ. ಊರಂಚಿನ ರೆವಿನ್ಯೂ ಲೇಔಟುಗಳು, ಸರ್ವೆ ನಂಬರೇ ವಿಳಾಸವಾಗಿರುವ ಹಳ್ಳಿಗಳು, ‘ನೀರಿನ ಟ್ಯಾಂಕ್ ಹಿಂದೆ’ ಎಂದಷ್ಟೇ ಬರೆಯುವ ಕೊಳೆಗೇರಿಗಳು ಸಿಗುವುದಿಲ್ಲ. ಸೊಳ್ಳೆ ಹೆಚ್ಚಿರುವ ಜಾಗವೇ ನಕ್ಷೆಯಲ್ಲಿ ಆರೋಗ್ಯವಾಗಿ ಕಾಣುತ್ತದೆ. ಆದ್ದರಿಂದ ಆ 120ನ್ನು ಬರೆದಿರುವ ಬಡಾವಣೆ, ಪಿನ್‌ಕೋಡ್ ಪ್ರಕಾರ ಎಣಿಸಿ, ನಕ್ಷೆಯ ಕೆಳಗೇ ಒಂದು ಕೋಷ್ಟಕವಾಗಿ ಅಚ್ಚು ಹಾಕಬೇಕು. ಯಾವುದಾದರೂ ಒಂದೇ ಹೆಸರು ಅಲ್ಲಿ ಮೂವತ್ತು ಸಲ ಬಂದಿದ್ದರೆ, ಮದ್ದು ಹೊಡೆಯುವ ತಂಡ ಮೊದಲು ಹೊರಡಬೇಕಾದದ್ದು ಅಲ್ಲಿಗೇ.