ಬಹುಮಾನದ ಮೊತ್ತ ಕೊನೆಗೆ ಬರೆಯಿರಿ

ಕೊಯ್ಲು ಮುಗಿದು ಗದ್ದೆಗಳು ಖಾಲಿಯಾಗುತ್ತಿದ್ದಂತೆ ಹಳ್ಳಿಗಳ ಕಾಂಪೌಂಡುಗಳ ಮೇಲೆ ಫ್ಲೆಕ್ಸ್‌ಗಳು ಏಳುತ್ತವೆ: ‘ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ’. ಅದರ ಕೆಳಗೆ ದಪ್ಪಕ್ಷರದಲ್ಲಿ ಪ್ರಥಮ ಬಹುಮಾನ ಇಷ್ಟು ಸಾವಿರ, ಜೊತೆಗೆ ಆಕರ್ಷಕ ಟ್ರೋಫಿ. ಬಹುತೇಕ ಯುವಕ ಸಂಘಗಳ ಲೆಕ್ಕ ತಪ್ಪುವುದು ಈ ಸಾಲಿನಲ್ಲೇ. ಮೊದಲು ಬಹುಮಾನ ಗೊತ್ತುಮಾಡಿ ಆಮೇಲೆ ಹಣ ಹುಡುಕುತ್ತಾರೆ. ಪಂದ್ಯಾವಳಿ ಮುಗಿದ ಮರುದಿನ ಶಾಮಿಯಾನದವರು, ಜನರೇಟರ್‌ನವರು ಬಾಕಿ ಕೇಳಿಕೊಂಡು ಪದಾಧಿಕಾರಿಗಳ ಮನೆ ಬಾಗಿಲಿಗೆ ಬರುತ್ತಾರೆ.

ಖರ್ಚಿನ ಬೇರು ಬಹುಮಾನದಲ್ಲಿಲ್ಲ, ಪಂದ್ಯಗಳ ಸಂಖ್ಯೆಯಲ್ಲಿದೆ. ಸೋತವರು ಹೊರಹೋಗುವ ನಾಕೌಟ್ ಪದ್ಧತಿಯಲ್ಲಿ ತಂಡಗಳ ಸಂಖ್ಯೆಯಿಂದ ಒಂದನ್ನು ಕಳೆದರೆ ಅಷ್ಟು ಪಂದ್ಯ. 24 ತಂಡ ಬಂದರೆ 23 ಪಂದ್ಯ. ನಿಯಮದ ಪ್ರಕಾರ ಪುರುಷರ ಪಂದ್ಯಕ್ಕೆ 20 ನಿಮಿಷದ ಎರಡು ಅವಧಿ, ನಡುವೆ 5 ನಿಮಿಷ ವಿರಾಮ. ಹಾಗೆ ಆಡಿಸಿದರೆ ಒಂದೇ ಅಂಕಣದಲ್ಲಿ 17 ಗಂಟೆ ದಾಟುತ್ತದೆ. ಅದಕ್ಕೇ ಹಳ್ಳಿಗಳಲ್ಲಿ ಅವಧಿಯನ್ನು 10 ನಿಮಿಷಕ್ಕೆ ಇಳಿಸುತ್ತಾರೆ. ಆಗಲೂ ವಿರಾಮ, ತಂಡಗಳು ಇಳಿದು ಏರುವ ಹೊತ್ತು ಸೇರಿ ಒಂದು ಪಂದ್ಯಕ್ಕೆ ಅರ್ಧ ಗಂಟೆ ಬೇಕು. 23 ಪಂದ್ಯಕ್ಕೆ ಹನ್ನೊಂದೂವರೆ ಗಂಟೆ. ಮಧ್ಯಾಹ್ನ ಎರಡಕ್ಕೆ ಉದ್ಘಾಟನೆಯಾದರೆ ಫೈನಲ್ ಮುಗಿಯುವುದು ರಾತ್ರಿ ಒಂದೂವರೆಗೆ. ಶಬ್ದ ಮಾಲಿನ್ಯ ನಿಯಮಗಳು, 2000ರ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಹಗಲು ಹಾಕಲೂ ಲಿಖಿತ ಅನುಮತಿ ಬೇಕು. ಮೈಕಿಲ್ಲದೆ ಫೈನಲ್ ಆಡಿಸಬಾರದೆಂದಿದ್ದರೆ ಬೆಳಿಗ್ಗೆ ಒಂಬತ್ತಕ್ಕೇ ಶುರು ಮಾಡಬೇಕು, ಇಲ್ಲವೇ ತಂಡ ಕಡಿಮೆ ಮಾಡಬೇಕು.

ಅಂಕಣದಿಂದ ಲೆಕ್ಕ ಶುರು ಮಾಡೋಣ. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ನೆಲ ಕೆದಕಿ, ಕಲ್ಲು ಆರಿಸಿ, ಮೇಲೆ 5 ಸೆಂಟಿಮೀಟರ್ ದಪ್ಪಕ್ಕೆ ಜರಡಿ ಹಿಡಿದ ಕೆಂಪು ಮಣ್ಣು ಹರಡಲು ಆರೂವರೆ ಘನ ಮೀಟರ್ ಮಣ್ಣು, ಅಂದರೆ ಸುಮಾರು ಮೂರು ಟ್ರ್ಯಾಕ್ಟರ್ ಲೋಡ್ ಬೇಕಾಗುತ್ತದೆ. ಈ ಕೆಲಸ ವಾರ ಮೊದಲೇ ಆಗಬೇಕು. ಸಂಜೆ ನೀರು ಬಿಟ್ಟು, ಬೆಳಿಗ್ಗೆ ಹದ ನೋಡಿ ರೋಲರ್ ಎಳೆದು, ಹೀಗೆ ಮೂರು ನಾಲ್ಕು ಸಲ ಮಾಡಿದರೆ ಮಣ್ಣು ಕೂರುತ್ತದೆ. ಹಿಮ್ಮಡಿ ಒತ್ತಿ ತಿರುಗಿಸಿದಾಗ ಹಳ್ಳ ಬಿದ್ದರೆ ಹಸಿ ಹೆಚ್ಚಿದೆ, ಧೂಳೆದ್ದರೆ ನೀರು ಸಾಲದು. ಕೊನೆಗೆ ನಾಲ್ಕು ಹುಡುಗರು ಬರಿಗಾಲಲ್ಲಿ ಸಾಲಾಗಿ ಇಡೀ ಅಂಕಣ ನಡೆದರೆ ಉಳಿದ ಕಲ್ಲು, ಗಾಜಿನ ಚೂರು ಸಿಗುತ್ತವೆ. ಗೆರೆಗೆ ಸುಣ್ಣ ಬೇಡ. ಬಿದ್ದ ಆಟಗಾರನ ಕಣ್ಣಿಗೆ, ತರಚಿದ ಮೊಣಕಾಲಿಗೆ ಅದು ತಾಗಿದರೆ ಸುಡುತ್ತದೆ. ರಂಗೋಲಿ ಪುಡಿ ಸಾಕು. ಮಣ್ಣು, ಟ್ಯಾಂಕರ್ ನೀರು, ರೋಲರ್, ಕೂಲಿ ಎಲ್ಲ ಸೇರಿ ನಮ್ಮ ಮಾದರಿ ಲೆಕ್ಕದಲ್ಲಿ 7,000 ರೂಪಾಯಿ ಇಟ್ಟುಕೊಳ್ಳೋಣ. ಇಲ್ಲಿಂದ ಮುಂದೆ ಬರುವ ದರಗಳೂ ಮಾದರಿಗಷ್ಟೇ. ನಿಮ್ಮೂರಿನ ದರ ಹಾಕಿ ಇದೇ ಕ್ರಮದಲ್ಲಿ ಕೂಡಿಸಿಕೊಳ್ಳಿ.

ಮುಂದಿನದು ತೀರ್ಪುಗಾರರು. ಒಂದು ಪಂದ್ಯಕ್ಕೆ ಒಬ್ಬ ರೆಫರಿ, ಇಬ್ಬರು ಅಂಪೈರ್, ಒಬ್ಬ ಸ್ಕೋರರ್, ಇಬ್ಬರು ಸಹಾಯಕ ಸ್ಕೋರರ್, ಒಟ್ಟು ಆರು ಮಂದಿ. ಹನ್ನೊಂದೂವರೆ ಗಂಟೆ ಆರೇ ಜನ ನಿಲ್ಲಲಾಗದು, ಸರದಿಗೆ ಇನ್ನಿಬ್ಬರು ಬೇಕು. ತಲಾ 1,000 ಗೌರವಧನ, 250 ಪ್ರಯಾಣ ಖರ್ಚು ಎಂದರೆ ಎಂಟು ಜನಕ್ಕೆ 10,000 ರೂಪಾಯಿ. ಇಲ್ಲಿ ಉಳಿಸಲು ಹೋಗಿ ಊರವರನ್ನೇ ಅಂಪೈರ್ ಮಾಡುವುದುಂಟು. ರೈಡರ್ ಬೋನಸ್ ಗೆರೆ ದಾಟಿದಾಗ ಹಿಂದಿನ ಕಾಲು ಗಾಳಿಯಲ್ಲಿತ್ತೇ ಇಲ್ಲವೇ ಎಂಬ ಒಂದು ತಕರಾರಿಗೆ ಆಟ ಅರ್ಧ ಗಂಟೆ ನಿಂತರೆ ಜನರೇಟರ್ ಡೀಸೆಲ್ ಸುಡುತ್ತಲೇ ಇರುತ್ತದೆ. ಜಿಲ್ಲಾ ಕಬಡ್ಡಿ ಸಂಸ್ಥೆಯ ಮೂಲಕ ಅಥವಾ ಬೇರೆ ಊರಿನ ಶಾಲೆಗಳ ದೈಹಿಕ ಶಿಕ್ಷಕರಲ್ಲಿ ನಿಯಮ ಬಲ್ಲವರನ್ನು ಕರೆಸಿ, ಗೌರವಧನವನ್ನು ಫೈನಲ್‌ಗೆ ಮುಂಚೆಯೇ ಲಕೋಟೆಯಲ್ಲಿ ಕೊಟ್ಟುಬಿಡಿ.

ದೀಪ, ಜನರೇಟರ್, ಮೈಕ್, ಶಾಮಿಯಾನ, ಕುರ್ಚಿಗೆ 14,000. ಟ್ರೋಫಿಗಳಿಗೆ 6,000. ಕರಪತ್ರ, ಫ್ಲೆಕ್ಸ್‌ಗೆ 3,000. ಪ್ರಥಮ ಚಿಕಿತ್ಸೆ, ಐಸ್, ಗಾಯಾಳುವನ್ನು ಕರೆದೊಯ್ಯಲು ಸಿದ್ಧವಿರುವ ಒಂದು ವಾಹನ, ಜೊತೆಗೆ ಅನಿರೀಕ್ಷಿತ ಖರ್ಚಿಗೆ 5,000. ಉಳಿದದ್ದು ಊಟ. ತಂಡಕ್ಕೆ 12 ಆಟಗಾರರಂತೆ 288 ಜನ, ತೀರ್ಪುಗಾರರು, ಕೆಲಸಗಾರರು ಸೇರಿ ಸುಮಾರು 330. ಎಲೆಗೆ 40 ರೂಪಾಯಿ ಹಿಡಿದರೂ 13,000 ಮೀರುತ್ತದೆ. ಎಲ್ಲ ಕೂಡಿದರೆ, ನಗದು ಬಹುಮಾನ ಬಿಟ್ಟು, 58,000 ರೂಪಾಯಿ.

ಈಗ ಆದಾಯ. ತಲಾ 500ರಂತೆ ಪ್ರವೇಶ ಶುಲ್ಕ 12,000. ರಶೀದಿ ಹರಿದು ಮನೆಮನೆಯಿಂದ ಎತ್ತಿದ್ದು 22,000. ಅಂಗಡಿಯವರು, ದಾನಿಗಳು ಕೊಟ್ಟೇಬಿಟ್ಟದ್ದು 25,000. ಸಂಘದ ಖಾತೆಯಲ್ಲಿ 6,000. ಒಟ್ಟು 65,000. ಬಹುಮಾನಕ್ಕೆ ಉಳಿಯುವುದು 7,000 ಮಾತ್ರ. ‘ಬಹುಮಾನ ನಮ್ಮದೇ, ಹಾಕಿಸಿಕೊಳ್ಳಿ’ ಎಂದು ಇಬ್ಬರು ಮುಖಂಡರು ಹೇಳಿದ 28,000ವನ್ನೂ ಸೇರಿಸಿ ಕರಪತ್ರದಲ್ಲಿ 35,000 ಎಂದು ಅಚ್ಚಾದರೆ, ಆ ಮಾತು ಹಣವಾಗದ ದಿನ ಸಾಲ ಸಂಘದ ತಲೆಗೆ ಬರುತ್ತದೆ. ಬಾಯಿಮಾತಿನ ಹಣ ಆದಾಯದ ಪಟ್ಟಿಗೆ ಸೇರಬಾರದು.

ಹೆಚ್ಚು ತಂಡ ಬಂದರೆ ಹೆಚ್ಚು ಶುಲ್ಕ ಬರುತ್ತದೆ ಎಂದು ಎಷ್ಟೋ ಸಂಘಗಳು ನಂಬಿವೆ. ಲೆಕ್ಕ ಬೇರೆ ಹೇಳುತ್ತದೆ. ಒಂದು ತಂಡ ಕಟ್ಟುವುದು 500, ಅದರ 12 ಜನರ ಊಟಕ್ಕೇ 480. ಉಳಿದ 20 ರೂಪಾಯಿಗೆ ನಾವು ಇನ್ನೊಂದು ಪಂದ್ಯ, ಇನ್ನರ್ಧ ಗಂಟೆಯ ಅಂಪೈರ್, ದೀಪ, ಮೈಕ್ ಒದಗಿಸುತ್ತಿದ್ದೇವೆ. ಅದೇ ತಂಡಗಳನ್ನು 16ಕ್ಕೆ ಮಿತಿಗೊಳಿಸಿ ನೋಡಿ. ಶುಲ್ಕದಲ್ಲಿ 4,000 ಕಡಿಮೆಯಾಗುತ್ತದೆ. ಆದರೆ ಊಟದಲ್ಲಿ 3,840 ಉಳಿಯುತ್ತದೆ, ಇಬ್ಬರು ತೀರ್ಪುಗಾರರ 2,500 ಉಳಿಯುತ್ತದೆ, ದೀಪ ಮತ್ತು ಜನರೇಟರ್ ಹೊತ್ತು ಇಳಿದು 4,000 ಉಳಿಯುತ್ತದೆಂದು ಹಿಡಿಯಬಹುದು. ನಿವ್ವಳ 6,340 ರೂಪಾಯಿ ಲಾಭ. ಪಂದ್ಯಗಳು 15, ಹೊತ್ತು ಏಳೂವರೆ ಗಂಟೆ. ಮಧ್ಯಾಹ್ನ ಒಂದಕ್ಕೆ ಶುರುವಾದರೂ ರಾತ್ರಿ ಎಂಟೂವರೆಗೆ ಫೈನಲ್ ಮುಗಿದು, ಬಹುಮಾನ ವಿತರಣೆಯೂ ಹತ್ತರೊಳಗೆ ಆಗುತ್ತದೆ. 16 ತಂಡಕ್ಕೆ ಯಾರಿಗೂ ಬೈ ಕೊಡಬೇಕಿಲ್ಲ. 24 ತಂಡವಾದರೆ ಎಂಟು ತಂಡಗಳು ಆಡದೆಯೇ ಎರಡನೇ ಸುತ್ತಿಗೆ ಹೋಗುತ್ತವೆ, ಅಲ್ಲೊಂದು ಜಗಳ ಹುಟ್ಟುತ್ತದೆ.

ಹೀಗೆ ಕೈಯಲ್ಲಿರುವ ಬಹುಮಾನದ ಹಣ 13,000 ದಾಟುತ್ತದೆ. ಮೊದಲನೆಯದು 6,000, ಎರಡನೆಯದು 4,000, ಸೆಮಿಫೈನಲ್‌ನಲ್ಲಿ ಸೋತ ಎರಡು ತಂಡಗಳಿಗೆ ತಲಾ 1,500 ಎಂದು ಧೈರ್ಯವಾಗಿ ಅಚ್ಚು ಹಾಕಿಸಬಹುದು. ಕರಪತ್ರ ಅಚ್ಚಿಗೆ ಹೋಗುವ ಮೊದಲು ಮುಖಂಡರ ಹಣ ಕೈಗೆ ಬಂದರೆ ಮೊತ್ತ ಏರಿಸಿ. ಆಮೇಲೆ ಬಂದರೆ ಮೈದಾನದಲ್ಲೇ ಮೈಕಿನಲ್ಲಿ ಘೋಷಿಸಿ ಉತ್ತಮ ರೈಡರ್‌ಗೆ, ಉತ್ತಮ ಹಿಡಿತಗಾರನಿಗೆ ಕೊಡಿ. ಘೋಷಿಸಿದ್ದಕ್ಕಿಂತ ಹೆಚ್ಚು ಕೊಟ್ಟ ಸಂಘವನ್ನು ಯಾವ ತಂಡವೂ ದೂರುವುದಿಲ್ಲ. ಬರೆದದ್ದನ್ನು ಕೊಡದ ಸಂಘದ ಪಂದ್ಯಾವಳಿಗೆ ಮುಂದಿನ ವರ್ಷ ಒಳ್ಳೆಯ ತಂಡಗಳು ಬರುವುದಿಲ್ಲ.

ಪಂದ್ಯಾವಳಿ ಮುಗಿದ ವಾರದೊಳಗೆ ಜಮಾ ಖರ್ಚಿನ ಪಟ್ಟಿ ಬರೆದು ಊರ ಅರಳಿಕಟ್ಟೆಯ ಬಳಿ ಅಂಟಿಸಿ. ಹಣ ಕೊಟ್ಟ ಮನೆಯವರು ಅದನ್ನು ಓದಲಿ. ಮುಂದಿನ ವರ್ಷ ರಶೀದಿ ಪುಸ್ತಕ ಹಿಡಿದು ಹೋದಾಗ ಅವರು ಕೇಳುವ ಮೊದಲ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿರುತ್ತದೆ.