ಅಪ್ಪನ ಸೈಟಿನ ಜೊತೆ ಬರುವ ಹಳೆಯ ಬೆಲೆ

ಅಪ್ಪ ತೀರಿಕೊಂಡ ಮೇಲೆ ಮಕ್ಕಳಿಗೆ ಬರುವ ಮನೆ, ಜಮೀನು, ಠೇವಣಿಗಳ ಮೇಲೆ ಭಾರತದಲ್ಲಿ ಪಿತ್ರಾರ್ಜಿತ ತೆರಿಗೆ ಇಲ್ಲ. ಆದರೆ ಮೊದಲಿನಿಂದಲೂ ಇರಲಿಲ್ಲವೆಂದಲ್ಲ. 1953ರ ಅಕ್ಟೋಬರ್‌ನಿಂದ 1985ರ ಮಾರ್ಚ್‌ವರೆಗೆ ಎಸ್ಟೇಟ್ ಡ್ಯೂಟಿ ಎಂಬ ತೆರಿಗೆ ಜಾರಿಯಲ್ಲಿತ್ತು. ಸತ್ತವರು ಬಿಟ್ಟುಹೋದ ಒಟ್ಟು ಆಸ್ತಿಗೆ ಬೆಲೆ ಕಟ್ಟಿ ಅದನ್ನು ವಸೂಲು ಮಾಡುತ್ತಿದ್ದರು. ಒಂದು ಕಾಲಕ್ಕೆ 20 ಲಕ್ಷ ರೂಪಾಯಿ ಮೀರಿದ ಭಾಗಕ್ಕೆ ದರ ಶೇ. 85ರವರೆಗೂ ಏರಿತ್ತು.

ದರ ಅಷ್ಟಿದ್ದರೂ ಬೊಕ್ಕಸಕ್ಕೆ ಬಂದದ್ದು ಅಲ್ಪ. 1985ರ ಬಜೆಟ್‌ನಲ್ಲಿ ಅದನ್ನು ರದ್ದುಮಾಡಿದ ಹಣಕಾಸು ಸಚಿವ ವಿ.ಪಿ. ಸಿಂಗ್, ವರ್ಷಕ್ಕೆ ಸುಮಾರು 20 ಕೋಟಿ ರೂಪಾಯಿಯಷ್ಟೇ ಸಿಗುತ್ತಿದೆ, ವಸೂಲಿಯ ಖರ್ಚೇ ಹೆಚ್ಚು ಎಂದರು. ಬದುಕಿದ್ದಾಗ ಸಂಪತ್ತು ತೆರಿಗೆ, ಸತ್ತ ಮೇಲೆ ಎಸ್ಟೇಟ್ ಡ್ಯೂಟಿ: ಒಂದೇ ಆಸ್ತಿಗೆ ಎರಡು ಕಾನೂನು, ಎರಡು ಸಲ ಮೌಲ್ಯಮಾಪನ. ಸಂಪತ್ತಿನ ಅಸಮಾನತೆಯೂ ಇದರಿಂದ ತಗ್ಗಲಿಲ್ಲವೆಂಬುದನ್ನು ಅವರೇ ಒಪ್ಪಿಕೊಂಡರು. ಆ ಸಂಪತ್ತು ತೆರಿಗೆಯೂ 2015ರ ಬಜೆಟ್‌ನಲ್ಲಿ ಹೋಯಿತು. ಇಂಥ ತೆರಿಗೆ ಮತ್ತೆ ಬೇಕೇ ಎಂಬ ಚರ್ಚೆ 2024ರ ಚುನಾವಣೆಯ ಹೊತ್ತಿಗೆ ಎದ್ದಿತ್ತು. ಕಾನೂನು ಮಾತ್ರ ಬದಲಾಗಿಲ್ಲ.

ಹಾಗಾದರೆ ವಾರಸುದಾರರಿಗೆ ತೆರಿಗೆಯ ಗೊಡವೆಯೇ ಇಲ್ಲವೇ? ಇದೆ. ಆಸ್ತಿ ಕೈಗೆ ಬಂದ ದಿನ ಅದು ಕಾಣುವುದಿಲ್ಲ, ಮಾರಿದ ದಿನ ಎದುರಾಗುತ್ತದೆ. ಹೆಚ್ಚಿನವರು ಎಡವುವುದು ಇಲ್ಲಿಯೇ, ಆದ್ದರಿಂದ ಒಂದು ಉದಾಹರಣೆಯನ್ನು ಪೂರ್ತಿ ಲೆಕ್ಕ ಹಾಕಿ ನೋಡೋಣ.

ಒಬ್ಬರು 1988ರಲ್ಲಿ ಮೈಸೂರಿನಲ್ಲಿ 40,000 ರೂಪಾಯಿಗೆ ಸೈಟು ಕೊಂಡಿದ್ದರು ಎನ್ನೋಣ. 2019ರಲ್ಲಿ ಅವರು ತೀರಿಕೊಂಡಾಗ ಅದರ ಬೆಲೆ 60 ಲಕ್ಷ. ಹೆಂಡತಿ ಮೊದಲೇ ತೀರಿಕೊಂಡಿದ್ದರಿಂದ ಸೈಟು ಮಗ, ಮಗಳು ಇಬ್ಬರಿಗೂ ಸಮಪಾಲಾಗಿ ಬಂತು. ಆಗ ಆದಾಯ ತೆರಿಗೆ ಒಂದು ರೂಪಾಯಿಯೂ ಇಲ್ಲ. 2025ರ ಕೊನೆಗೆ ಅದನ್ನು 90 ಲಕ್ಷಕ್ಕೆ ಮಾರಿದರು. ‘ನಮಗೆ ಬಂದಾಗ 60 ಲಕ್ಷ, ಮಾರಿದ್ದು 90 ಲಕ್ಷ, ಲಾಭ 30 ಲಕ್ಷ’ ಎಂದು ಮಕ್ಕಳು ಎಣಿಸಿದರೆ ಅದು ತಪ್ಪು. ಸಾವಿನ ದಿನದ ಬೆಲೆಗೆ ನಮ್ಮ ಕಾನೂನಿನಲ್ಲಿ ಸ್ಥಾನವಿಲ್ಲ. ಅಪ್ಪ ಕೊಟ್ಟ ಬೆಲೆಯೇ ಮಕ್ಕಳ ಬೆಲೆ, ಅಪ್ಪ ಕೊಂಡ ದಿನದಿಂದಲೇ ಅವಧಿಯ ಲೆಕ್ಕ.

ಒಂದು ಅನುಕೂಲವಿದೆ. 2001ರ ಏಪ್ರಿಲ್ 1ಕ್ಕಿಂತ ಮೊದಲು ಕೊಂಡ ಆಸ್ತಿಗೆ ಆ ದಿನದ ಮಾರುಕಟ್ಟೆ ಬೆಲೆಯನ್ನು ಹಿಡಿಯಬಹುದು. ಆದರೆ ಜಮೀನು, ಕಟ್ಟಡಗಳ ವಿಷಯದಲ್ಲಿ ಅದು ಅಂದಿನ ಸರ್ಕಾರಿ ಮಾರ್ಗಸೂಚಿ ದರವನ್ನು ಮೀರುವಂತಿಲ್ಲ. ಮೌಲ್ಯಮಾಪಕರು ಧಾರಾಳವಾಗಿ ಬರೆದುಕೊಟ್ಟ ವರದಿ ಇಲಾಖೆಯ ಮುಂದೆ ನಿಲ್ಲದಿರುವುದು ಇದೇ ಕಾರಣಕ್ಕೆ. ನಮ್ಮ ಸೈಟಿಗೆ 2001ರಲ್ಲಿ 3 ಲಕ್ಷ ಎಂದಿಟ್ಟುಕೊಂಡರೆ ಲಾಭ 87 ಲಕ್ಷ, ತಲಾ 43.5 ಲಕ್ಷ. ಶೇ. 12.5ರಂತೆ ತೆರಿಗೆ ತಲಾ 5,43,750, ಶೇ. 4ರ ಸೆಸ್ ಸೇರಿ 5,65,500 ರೂಪಾಯಿ. ಹಣದುಬ್ಬರಕ್ಕೆ ತಕ್ಕಂತೆ ಹಳೆಯ ಬೆಲೆಯನ್ನು ಏರಿಸಿ ಶೇ. 20 ಕಟ್ಟುವ ಆಯ್ಕೆಯೂ ಇವರಿಗಿದೆ, ಏಕೆಂದರೆ ಸೈಟು 2024ರ ಜುಲೈ 23ಕ್ಕಿಂತ ಮೊದಲೇ ಕೈಗೆ ಬಂದದ್ದು. ಆ 3 ಲಕ್ಷ ಏರಿದರೂ 11.28 ಲಕ್ಷವಷ್ಟೇ ಆಗುವುದರಿಂದ ತೆರಿಗೆ ತಲಾ ಸುಮಾರು 7.87 ಲಕ್ಷಕ್ಕೆ ಹೋಗುತ್ತದೆ. ಹಾಗಾಗಿ ಇಲ್ಲಿ ಮೊದಲ ದಾರಿಯೇ ಲೇಸು. ಹಳೆಯ ಬೆಲೆ ಹೆಚ್ಚಿದ್ದು, ಏರಿಕೆ ಕಡಿಮೆ ಇದ್ದರೆ ಎರಡನೆಯದು ಗೆಲ್ಲಬಹುದು. ಎರಡನ್ನೂ ಹಾಕಿ ನೋಡದೆ ತೀರ್ಮಾನಿಸಬಾರದು.

ಮಗಳು ಅಮೆರಿಕದಲ್ಲೋ ದುಬೈಯಲ್ಲೋ ನೆಲೆಸಿದ ಅನಿವಾಸಿಯಾಗಿದ್ದರೆ ಕಥೆ ಬೇರೆ. ಆಕೆಗೆ ಎರಡನೆಯ ಆಯ್ಕೆ ಇಲ್ಲ. ಅಣ್ಣನ ಪಾಲಿನಿಂದ ಖರೀದಿದಾರ ಶೇ. 1ರಷ್ಟು ಟಿಡಿಎಸ್ ಹಿಡಿದರೆ, ತಂಗಿಯ ಪಾಲಿನಿಂದ ಸಾಮಾನ್ಯವಾಗಿ ಇಡೀ 45 ಲಕ್ಷದ ಮೇಲೆ ಸೆಸ್ ಸೇರಿ ಶೇ. 13ರಂತೆ 5.85 ಲಕ್ಷ ಹಿಡಿಯುತ್ತಾನೆ. ಕಡಿಮೆ ಕಡಿತದ ಪ್ರಮಾಣಪತ್ರವನ್ನು ಮಾರಾಟಕ್ಕೆ ಮೊದಲೇ ಇಲಾಖೆಯಿಂದ ತರದಿದ್ದರೆ, ಹೆಚ್ಚಿಗೆ ಹೋದದ್ದನ್ನು ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬೇಕು.

ಮಾರದೆ ಇಟ್ಟುಕೊಂಡರೂ ಆಸ್ತಿ ಗಳಿಸಿದ್ದಕ್ಕೆ ತೆರಿಗೆಯುಂಟು. ಬಂದ ಮನೆಯ ಬಾಡಿಗೆ ಇನ್ನು ಮಕ್ಕಳ ಆದಾಯ, ಅವರವರ ಪಾಲಿನಷ್ಟು. ಬ್ಯಾಂಕ್ ಠೇವಣಿಯ ಬಡ್ಡಿ ಅಪ್ಪ ತೀರಿದ ದಿನಕ್ಕೆ ಎರಡಾಗಿ ಒಡೆಯುತ್ತದೆ: ಅಂದಿನವರೆಗಿನದು ಅಪ್ಪನ ಆದಾಯ, ನಂತರದ್ದು ವಾರಸುದಾರರದು. ಬ್ಯಾಂಕಿಗೆ ತಿಳಿಸದೆ ಬಿಟ್ಟರೆ ಬಡ್ಡಿಯ ಟಿಡಿಎಸ್ ಸತ್ತವರ ಪ್ಯಾನ್‌ಗೇ ಹೋಗುತ್ತಲೇ ಇರುತ್ತದೆ. ಅದನ್ನು ತಮ್ಮ ಲೆಕ್ಕಕ್ಕೆ ತಂದುಕೊಳ್ಳಲು ಮಕ್ಕಳು ಅಲೆಯಬೇಕಾಗುತ್ತದೆ. ಅಪ್ಪನ ಕೊನೆಯ ರಿಟರ್ನ್ ಸಲ್ಲಿಸುವ ಹೊಣೆಯೂ ವಾರಸುದಾರರದೇ. ಅವರು ಇಲಾಖೆಯ ಪೋರ್ಟಲ್‌ನಲ್ಲಿ ಕಾನೂನುಬದ್ಧ ವಾರಸುದಾರರೆಂದು ನೋಂದಾಯಿಸಿಕೊಂಡು ಅದನ್ನು ಮಾಡಬೇಕು. ಅಪ್ಪ ತೆರಿಗೆ ಬಾಕಿ ಉಳಿಸಿದ್ದರೆ ಅದನ್ನು ತೀರಿಸಬೇಕಾದದ್ದು ಬಿಟ್ಟುಹೋದ ಆಸ್ತಿಯ ಮಿತಿಯೊಳಗೆ. ಮಕ್ಕಳ ಸ್ವಂತ ದುಡಿಮೆಯ ಹಣಕ್ಕೆ ಇಲಾಖೆ ಕೈಹಾಕುವಂತಿಲ್ಲ. ಆದರೆ ಬಾಕಿ ಇರುವಾಗಲೇ ಆ ಆಸ್ತಿಯನ್ನು ಮಾರಿ ಹಂಚಿಕೊಂಡವರು, ಮಾರಿದ ಆಸ್ತಿಯ ಮೌಲ್ಯದಷ್ಟಕ್ಕೆ ತಾವೇ ಹೊಣೆಯಾಗುತ್ತಾರೆ.