ಅನ್‌ಲೆಸ್, ಅಂಟಿಲ್, ಲೆಸ್ಟ್: ಮುಂದಿನ ಕ್ರಿಯಾಪದ ಹೇಗಿರಬೇಕು?

ಇಂಗ್ಲಿಷಿನ ‘ಅನ್‌ಲೆಸ್’ ಪದದೊಳಗೆ ‘ಇಲ್ಲದಿದ್ದರೆ’ ಎಂಬ ನಿಷೇಧ ಮೊದಲೇ ಸೇರಿಕೊಂಡಿದೆ. ಆದ್ದರಿಂದ ಅದರ ಬೆನ್ನಿಗೆ ಬರುವ ಕ್ರಿಯಾಪದಕ್ಕೆ ಸಾಮಾನ್ಯವಾಗಿ ‘ನಾಟ್’ ಸೇರಿಸುವುದಿಲ್ಲ. ಕನ್ನಡದಲ್ಲಿ ನಿಷೇಧದ ಜಾಗ ಕ್ರಿಯಾಪದವೇ: ಕಟ್ಟದಿದ್ದರೆ, ಬರದಿದ್ದರೆ, ಓದದಿದ್ದರೆ. ಈ ವ್ಯತ್ಯಾಸದಿಂದಲೇ ಕನ್ನಡಿಗರ ಇಂಗ್ಲಿಷಿನಲ್ಲಿ ಒಂದು ತಪ್ಪು ಮತ್ತೆ ಮತ್ತೆ ನುಸುಳುತ್ತದೆ.

‘ಶುಲ್ಕ ಕಟ್ಟದಿದ್ದರೆ ಹಾಲ್ ಟಿಕೆಟ್ ಸಿಗುವುದಿಲ್ಲ’ ಎಂಬ ವಾಕ್ಯವನ್ನೇ ನೋಡಬಹುದು. ‘ಅನ್‌ಲೆಸ್ ಯು ಡೋಂಟ್ ಪೇ ದ ಫೀ, ಯು ವಿಲ್ ನಾಟ್ ಗೆಟ್ ದ ಹಾಲ್ ಟಿಕೆಟ್’ ಎಂದು ಬರೆದರೆ ಎರಡು ನಿಷೇಧಗಳು ಒಂದನ್ನೊಂದು ಹೊಡೆದುಹಾಕಿ, ಶುಲ್ಕ ಕಟ್ಟಿದವರಿಗೇ ಟಿಕೆಟ್ ಇಲ್ಲ ಎಂಬ ಅರ್ಥ ಬಂದುಬಿಡುತ್ತದೆ. ಸರಿಯಾದ ರೂಪ ‘ಅನ್‌ಲೆಸ್ ಯು ಪೇ ದ ಫೀ’. ಅನುಮಾನ ಬಂದಾಗ ‘ಅನ್‌ಲೆಸ್’ ತೆಗೆದು ಆ ಜಾಗದಲ್ಲಿ ‘ಇಫ್’ ಹಾಕಿ, ಕ್ರಿಯಾಪದಕ್ಕೆ ಒಂದು ‘ನಾಟ್’ ಸೇರಿಸಿ ಓದಬೇಕು. ಹೇಳಬೇಕಾದ ಅರ್ಥವೇ ಬಂದರೆ ವಾಕ್ಯ ಸರಿಯಿದೆ.

ಹಾಗೆಂದು ‘ಇಫ್ ನಾಟ್’ ಇರುವಲ್ಲೆಲ್ಲ ‘ಅನ್‌ಲೆಸ್’ ಕೂರುವುದಿಲ್ಲ. ‘ಅವನು ಬರದಿದ್ದರೆ ನನಗೆ ಆಶ್ಚರ್ಯವಾಗುತ್ತದೆ’ ಎಂಬಲ್ಲಿ ಬರದಿರುವುದೇ ಆಶ್ಚರ್ಯಕ್ಕೆ ಕಾರಣ. ಇಲ್ಲಿ ‘ಇಫ್ ಹಿ ಡಸಂಟ್ ಕಮ್’ ಎಂದೇ ಹೇಳಬೇಕು. ‘ಅನ್‌ಲೆಸ್’ ಹೊಂದುವುದು ಒಂದು ಮಾತಿಗೆ ವಿನಾಯಿತಿಯನ್ನು ಹೇಳುವಾಗ ಮಾತ್ರ.

ಇನ್ನು ಕಾಲದ ವಿಚಾರ. ಶುಲ್ಕ ಕಟ್ಟುವುದು ನಾಳೆಯ ಮಾತಾದರೂ ‘ಅನ್‌ಲೆಸ್ ಯು ವಿಲ್ ಪೇ’ ಎನ್ನುವಂತಿಲ್ಲ. ಭವಿಷ್ಯವನ್ನು ಮುಖ್ಯ ವಾಕ್ಯದ ‘ವಿಲ್’ ಹೇಳುತ್ತದೆ, ಷರತ್ತಿನ ಭಾಗ ವರ್ತಮಾನದಲ್ಲೇ ಉಳಿಯುತ್ತದೆ. ಕನ್ನಡಿಗರಿಗೆ ಇದು ಅಪರಿಚಿತ ಪದ್ಧತಿಯೇನಲ್ಲ. ‘ನಾಳೆ ಬಂದರೆ’, ‘ನಾಳೆ ಹೋದರೆ’ ಎನ್ನುವಾಗ ನಾವು ಬಳಸುವುದು ಬಂದ, ಹೋದ ಎಂಬ ಭೂತಕಾಲದ ರೂಪವನ್ನೇ ಆಧರಿಸಿದ ಪದಗಳನ್ನು. ಷರತ್ತಿನಲ್ಲಿ ಭವಿಷ್ಯದ ರೂಪ ಬೇಡ ಎಂಬುದು ನಮ್ಮ ನುಡಿಯಲ್ಲೂ ಇದೆ.

‘ಅಂಟಿಲ್’ಗೂ ಇದೇ ನಿಯಮ. ಆದರೆ ಇಲ್ಲಿ ಕನ್ನಡ ಸ್ವಲ್ಪ ದಾರಿ ತಪ್ಪಿಸುತ್ತದೆ. ‘ಅಪ್ಪ ಬರುವ ತನಕ ಇಲ್ಲೇ ಇರು’ ಎನ್ನುವಾಗ ‘ಬರುವ’ ಎಂಬುದು ಮುಂದೆ ಆಗುವುದನ್ನು ಸೂಚಿಸುವುದರಿಂದ ‘ಅಂಟಿಲ್ ಫಾದರ್ ವಿಲ್ ಕಮ್’ ಎಂದು ಬರೆಯುವ ಮನಸ್ಸಾಗುತ್ತದೆ. ಬರಬೇಕಾದ್ದು ‘ಅಂಟಿಲ್ ಫಾದರ್ ಕಮ್ಸ್’. ಕೆಲಸ ಪೂರ್ತಿ ಮುಗಿಯುವುದಕ್ಕೆ ಒತ್ತು ಕೊಡಬೇಕಿದ್ದರೆ ‘ಅಂಟಿಲ್ ಐ ಹ್ಯಾವ್ ಫಿನಿಶ್ಡ್’ ಎನ್ನಬಹುದು. ನಡೆದುಹೋದ ಸಂಗತಿಯಾದರೆ ಭೂತಕಾಲ: ‘ವಿ ವೇಟೆಡ್ ಅಂಟಿಲ್ ದ ರೇನ್ ಸ್ಟಾಪ್ಡ್’.

‘ಲೆಸ್ಟ್’ ಮಾತುಕತೆಯಲ್ಲಿ ಅಪರೂಪ, ಗಂಭೀರ ಬರಹದಲ್ಲೂ ಪರೀಕ್ಷೆಯಲ್ಲೂ ಕಾಣಿಸಿಕೊಳ್ಳುತ್ತದೆ. ಆಗಬಾರದ್ದು ಆಗಿಬಿಟ್ಟೀತು ಎಂಬ ಎಚ್ಚರಿಕೆ ಅದರ ಅರ್ಥ. ಅದರ ಮುಂದೆ ಎರಡು ರೂಪಗಳು ಸಲ್ಲುತ್ತವೆ: ‘ಲೆಸ್ಟ್ ಹಿ ಶುಡ್ ಫಾಲ್’, ಇಲ್ಲವೇ ಬರೀ ಧಾತು, ‘ಲೆಸ್ಟ್ ಹಿ ಫಾಲ್’. ಎರಡನೆಯದರಲ್ಲಿ ಕರ್ತೃ ‘ಹಿ’ ಆದರೂ ‘ಫಾಲ್ಸ್’ ಆಗದು, ಮುಖ್ಯ ವಾಕ್ಯ ಭೂತಕಾಲದಲ್ಲಿದ್ದರೂ ಅದು ‘ಫೆಲ್’ ಆಗದು. ‘ವಿಲ್’ ಅಂತೂ ಬರಲೇಬಾರದು.

ಇಲ್ಲಿಯೂ ‘ನಾಟ್’ ಕಾಟವುಂಟು. ‘ಬೀಳದ ಹಾಗೆ ನಡೆ’ ಎಂದು ಮನಸ್ಸಿನಲ್ಲಿಟ್ಟುಕೊಂಡವರು ‘ಲೆಸ್ಟ್ ಯು ಶುಡ್ ನಾಟ್ ಫಾಲ್’ ಎಂದು ಬರೆಯುತ್ತಾರೆ. ಅದರ ಬದಲು ‘ಬಿದ್ದೀಯ, ಹುಷಾರು!’ ಎಂಬ ಮಾತನ್ನು ನೆನೆಯುವುದು ಒಳ್ಳೆಯದು. ಬಿದ್ದೀಯ, ಬಿದ್ದಾನು, ಬಿದ್ದೀತು ಎಂಬ ನಮ್ಮ ಸಂಭಾವನಾರ್ಥಕ ರೂಪಗಳು ‘ಶುಡ್ ಫಾಲ್’ಗೆ ಬಹಳ ಹತ್ತಿರ. ಅವುಗಳಲ್ಲಿ ನಿಷೇಧವಿಲ್ಲ, ಆದರೂ ಬೀಳಬಾರದು ಎಂಬ ಆತಂಕ ಪೂರ್ತಿಯಾಗಿ ಇದೆ.

‘ಆ್ಯಸ್ ದೋ’ ಬೇರೆ ಬಗೆಯದು. ‘ಎಲ್ಲ ಗೊತ್ತಿರುವವನ ಹಾಗೆ ಮಾತಾಡುತ್ತಾನೆ’ ಎಂದಾಗ ಅವನಿಗೆ ನಿಜಕ್ಕೂ ಗೊತ್ತಿದೆಯೋ ಇಲ್ಲವೋ ಎಂಬುದನ್ನು ಕನ್ನಡದ ಕ್ರಿಯಾರೂಪ ಹೇಳುವುದಿಲ್ಲ, ಸಂದರ್ಭ ಹೇಳುತ್ತದೆ. ಇಂಗ್ಲಿಷಿನಲ್ಲಿ ಅದನ್ನು ಸೂಚಿಸುವ ಕೆಲಸ ಕ್ರಿಯಾಪದದ್ದು. ‘ಹಿ ಟಾಕ್ಸ್ ಆ್ಯಸ್ ದೋ ಹಿ ನ್ಯೂ ಎವ್ರಿಥಿಂಗ್’ ಎಂಬಲ್ಲಿ ಮಾತು ಈಗಿನದು, ಆದರೂ ‘ನ್ಯೂ’ ಎಂಬ ಭೂತರೂಪ ಬಂದಿದೆ. ಒಂದು ಹೆಜ್ಜೆ ಹಿಂದಕ್ಕೆ ಸರಿದ ಆ ಕಾಲವೇ, ಇದು ನಿಜವಲ್ಲ ಎಂಬ ಸೂಚನೆ. ‘ಬಿ’ ಧಾತುವಾದರೆ ಶಿಷ್ಟ ಬರಹದಲ್ಲಿ ‘ಆ್ಯಸ್ ದೋ ಹಿ ವರ್ ದ ಓನರ್’ ಎಂದು, ಏಕವಚನಕ್ಕೂ ‘ವರ್’ ಬರುತ್ತದೆ. ಆಡುಮಾತಿನಲ್ಲಿ ‘ವಾಸ್’ ಕೇಳಿಬರುತ್ತದೆ. ಇಲ್ಲದ್ದನ್ನು ಹಿಂದೆ ನಡೆದಂತೆ ಕಲ್ಪಿಸುವಾಗ ‘ಹ್ಯಾಡ್’ ಬೇಕು. ದೆವ್ವ ಕಂಡವಳ ಹಾಗೆ ಬೆಚ್ಚಿಬಿದ್ದಳು ಎನ್ನಲು ‘ಆ್ಯಸ್ ದೋ ಶಿ ಹ್ಯಾಡ್ ಸೀನ್ ಎ ಗೋಸ್ಟ್’.

ಹೋಲಿಕೆ ನಿಜವಾಗುವ ಸಂಭವವಿದ್ದರೆ ಕಾಲವನ್ನು ಹಿಂದಕ್ಕೆ ಸರಿಸಬೇಕಿಲ್ಲ. ಮೋಡ ಕವಿದಿರುವಾಗ ‘ಇಟ್ ಲುಕ್ಸ್ ಆ್ಯಸ್ ದೋ ಇಟ್ ಈಸ್ ಗೋಯಿಂಗ್ ಟು ರೇನ್’ ಎಂದೇ ಹೇಳುವುದು ರೂಢಿ. ಅಲ್ಲಿ ಮಳೆ ಕಲ್ಪನೆಯಲ್ಲ, ನಿರೀಕ್ಷೆ.